ಹರಡಿದ ಕೋಣೆ, ತುಕ್ಕು ಹಿಡಿದ ಗೇಟು ಮತ್ತು ಎಂಟ್ರೊಪಿ

ಪಿಯುಸಿಯಲ್ಲಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಹೊಸ ನೆಪ ಹುಟ್ಟಿಕೊಂಡಿದೆ. ಸಂಡೂರಿನ ಯಾವುದೋ ಮನೆಯಲ್ಲಿ ತಾಯಿ, "ಇದೇನೋ, ಮನೀನ ಸಂತಿ ಮಾಡಿಟ್ಟೀಯಲ್ಲ" ಎಂದು ಗದರುತ್ತಾರೆ. ಮಂಚದ ಮೇಲೆ ಪುಸ್ತಕ, ನೆಲದ ಮೇಲೆ ಅಂಗಿ, ಕುರ್ಚಿಯ ಕೆಳಗೆ ನಿನ್ನೆಯ ತಟ್ಟೆ. ಮಗ ತಲೆ ಎತ್ತದೆ ಉತ್ತರ ಕೊಡುತ್ತಾನೆ: "ಅದು ಎಂಟ್ರೊಪಿ, ಅವ್ವಾ. ತಾನಾಗೇ ಹೆಚ್ಚಾಗ್ತತಿ. ನಾನೇನು ಮಾಡ್ಲಿ?"

ಮಾತು ಜಾಣತನದ್ದೇ. ಎಂಟ್ರೊಪಿ ಎಂದರೆ ಅವ್ಯವಸ್ಥೆ, ಅದು ಯಾವಾಗಲೂ ಹೆಚ್ಚುತ್ತದೆ ಎಂದು ಅವನ ಗೈಡಿನಲ್ಲಿಯೂ ಬರೆದಿರಬಹುದು. ಕಚೇರಿಯ ಕಡತಗಳು ಚೆಲ್ಲಾಪಿಲ್ಲಿಯಾದರೂ, ರಸ್ತೆಯಲ್ಲಿ ವಾಹನಗಳು ಸಿಕ್ಕಿಹಾಕಿಕೊಂಡರೂ ಇದೇ ಪದ ಬಳಸುವವರಿದ್ದಾರೆ. ಮಾತಿನಲ್ಲಿ ಪದ ಹೀಗೆ ಬಾಗುವುದು ಹೊಸತೇನಲ್ಲ. 'ಕೆಲಸ' ಎಂಬ ಪದವನ್ನೇ ನೋಡಿ. ತಲೆಯ ಮೇಲೆ ಮೂಟೆ ಹೊತ್ತು ಒಂದು ಗಂಟೆ ನಿಂತವನು ಮೂಟೆಯ ಮೇಲೆ ಯಾವ ಕೆಲಸವನ್ನೂ ಮಾಡಿಲ್ಲ ಎನ್ನುತ್ತದೆ ಭೌತಶಾಸ್ತ್ರ. ಅದನ್ನು ಹಮಾಲರ ಮುಂದೆ ಹೇಳಿ ನೋಡಿ! ಅಲ್ಲಿ ಊರಿನ ಪದವನ್ನು ವಿಜ್ಞಾನ ಎರವಲು ಪಡೆಯಿತು, ಗೊಂದಲ ಸಹಜ. ಎಂಟ್ರೊಪಿಯ ಕಥೆ ಅದಕ್ಕೆ ತಿರುಗುಮುರುಗು. ಇದು ವಿಜ್ಞಾನಕ್ಕೆಂದೇ ಟಂಕಿಸಿದ ಪದ, ಊರು ಅದನ್ನು ಎರವಲು ಪಡೆಯಿತು.

ಟಂಕಿಸಿದವರು ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್, 1865ರಲ್ಲಿ. ಉಗಿಯಂತ್ರಗಳ ಕಾಲ ಅದು. ಶಾಖದಿಂದ ಎಷ್ಟು ಕೆಲಸ ತೆಗೆಯಬಹುದು ಎಂಬ ಲೆಕ್ಕದಲ್ಲಿ ಮತ್ತೆ ಮತ್ತೆ ಎದುರಾಗುತ್ತಿದ್ದ ಒಂದು ರಾಶಿಗೆ ಅವರಿಗೊಂದು ಹೆಸರು ಬೇಕಿತ್ತು. ಪರಿವರ್ತನೆ ಎಂಬ ಅರ್ಥದ ಗ್ರೀಕ್ ಪದವನ್ನು ತೆಗೆದುಕೊಂಡು, 'ಎನರ್ಜಿ'ಯನ್ನೇ ಹೋಲುವಂತೆ 'ಎಂಟ್ರೊಪಿ' ಎಂದು ರೂಪಿಸಿದರು. ಹಳೆಯ ಭಾಷೆಯಿಂದ ಹೆಸರು ಆಯ್ದರೆ ಇಂದಿನ ಎಲ್ಲ ಭಾಷೆಗಳಲ್ಲಿಯೂ ಅದಕ್ಕೆ ಒಂದೇ ಅರ್ಥ ಇರುತ್ತದೆ ಎಂಬುದು ಅವರ ಆಸೆಯಾಗಿತ್ತು. ಆ ಹೆಸರಿನಲ್ಲಿ ಅವ್ಯವಸ್ಥೆಯೂ ಇಲ್ಲ, ಕೊಳಕೂ ಇಲ್ಲ, ಸಂತೆಯೂ ಇಲ್ಲ.

ಕ್ಲಾಸಿಯಸ್ ಹೇಳಿದ ಲೆಕ್ಕ ಇಷ್ಟೇ. ಒಂದು ವಸ್ತುವಿಗೆ ಶಾಖ ಸೇರಿದರೆ ಅದರ ಎಂಟ್ರೊಪಿ ಹೆಚ್ಚುತ್ತದೆ, ಶಾಖ ಹೊರಟುಹೋದರೆ ಕಡಿಮೆಯಾಗುತ್ತದೆ. ಎಷ್ಟು ಎಂದು ತಿಳಿಯಲು ಶಾಖವನ್ನು ಉಷ್ಣಾಂಶದಿಂದ ಭಾಗಿಸಬೇಕು. ಶಾಖ ಜೂಲ್‌ಗಳಲ್ಲಿ, ಉಷ್ಣಾಂಶ ಕೆಲ್ವಿನ್‌ಗಳಲ್ಲಿ. ನಮ್ಮ ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಕೆಲ್ವಿನ್ ಸಿಗುತ್ತದೆ. ಹೀಗೆ ಎಂಟ್ರೊಪಿಗೆ ಒಂದು ಅಳತೆಮಾನವಿದೆ: ಒಂದು ಕೆಲ್ವಿನ್‌ಗೆ ಇಷ್ಟು ಜೂಲ್. ಅಕ್ಕಿಗೆ ಕಿಲೋ ಇದ್ದಂತೆ, ಎಣ್ಣೆಗೆ ಲೀಟರ್ ಇದ್ದಂತೆ. ಇನ್ನು ಮುಂದೆ ಬರೆಯುವುದು ಸುಲಭವಾಗಲಿ ಎಂದು ಈ ಅಳತೆಮಾನವನ್ನು ಬರೀ 'ಯೂನಿಟ್' ಎಂದು ಕರೆಯೋಣ.

ನಿಯಮ ಬರುವುದು ಆಮೇಲೆ. ಕಿರಾಣಿ ಅಂಗಡಿಯ ಖಾತೆ ಪುಸ್ತಕದಂತೆ ಎರಡು ಪುಟ ತೆರೆಯಿರಿ. ಒಂದು ಪುಟ ನಾವು ನೋಡುತ್ತಿರುವ ವಸ್ತುವಿನದು, ಇನ್ನೊಂದು ಅದರ ಸುತ್ತಮುತ್ತಲಿನದು. ಯಾವುದೇ ಘಟನೆ ನಡೆದರೂ ಎರಡು ಪುಟಗಳ ಒಟ್ಟು ಮೊತ್ತ ಕಡಿಮೆಯಾಗುವಂತಿಲ್ಲ. ಒಂದು ಪುಟದಲ್ಲಿ ಕಡಿಮೆಯಾಗಬಹುದು, ಧಾರಾಳವಾಗಿ ಕಡಿಮೆಯಾಗಬಹುದು. ಇನ್ನೊಂದು ಪುಟದಲ್ಲಿ ಅಷ್ಟಾದರೂ ಏರಿರಬೇಕು. "ಎಂಟ್ರೊಪಿ ಯಾವಾಗಲೂ ಹೆಚ್ಚುತ್ತದೆ" ಎಂದು ಹೇಳುವವರು ಸಾಮಾನ್ಯವಾಗಿ ಎರಡನೆಯ ಪುಟವನ್ನೇ ಮರೆತಿರುತ್ತಾರೆ.

ಮೊದಲು ಒಂದು ಲೋಟ ಚಹಾ. 100 ಮಿಲಿಲೀಟರ್ ಚಹಾ 80 ಡಿಗ್ರಿಯಲ್ಲಿ ಮೇಜಿನ ಮೇಲೆ ಇದೆ, ಕೋಣೆ 30 ಡಿಗ್ರಿಯಲ್ಲಿದೆ. ಚಹಾವನ್ನು ನೀರೆಂದೇ ಎಣಿಸೋಣ. ಅದು ಆರಿ 30 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 21 ಸಾವಿರ ಜೂಲ್ ಶಾಖ ಹೊರಗೆ ಹೋಗಿರುತ್ತದೆ. ಆರುತ್ತಾ ಆರುತ್ತಾ ಚಹಾದ ಉಷ್ಣಾಂಶ ಬದಲಾಗುವುದರಿಂದ ಹಂತ ಹಂತವಾಗಿ ಭಾಗಿಸಿ ಕೂಡಿಸಬೇಕು. ಹಾಗೆ ಮಾಡಿದರೆ ಚಹಾದ ಪುಟದಲ್ಲಿ ಸುಮಾರು 64 ಯೂನಿಟ್ ಕಳೆಯುತ್ತದೆ. ಕೋಣೆ ಅದೇ ಶಾಖವನ್ನು 30 ಡಿಗ್ರಿಯಲ್ಲಿ, ಅಂದರೆ 303 ಕೆಲ್ವಿನ್‌ನಲ್ಲಿ ಪಡೆಯಿತು. 21 ಸಾವಿರವನ್ನು 303ರಿಂದ ಭಾಗಿಸಿದರೆ ಸುಮಾರು 69. ಒಟ್ಟು 5 ಯೂನಿಟ್ ಹೆಚ್ಚಳ. ಅದಕ್ಕೇ ಚಹಾ ತಾನಾಗಿ ಆರುತ್ತದೆ. ಆರಿದ ಚಹಾ ಕೋಣೆಯಿಂದ ಶಾಖ ಹೀರಿ ತಾನಾಗಿ ಮತ್ತೆ 80 ಡಿಗ್ರಿಗೆ ಏರಬೇಕಾದರೆ ಒಟ್ಟು 5 ಯೂನಿಟ್ ಕಡಿಮೆಯಾಗಬೇಕು, ಅದು ನಡೆಯುವುದಿಲ್ಲ. ಆರಿದ ಲೋಟಕ್ಕೂ ಬಿಸಿ ಲೋಟಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ ಎಂಬುದನ್ನು ಗಮನಿಸಿ. ಚೆಲ್ಲಾಪಿಲ್ಲಿಯಾದದ್ದು ಕಣ್ಣಿಗೆ ಏನೂ ಇಲ್ಲ.

ಹಾಗಾದರೆ 'ಅವ್ಯವಸ್ಥೆ' ಎಂಬ ಅರ್ಥ ಎಲ್ಲಿಂದ ಬಂತು? ತಪ್ಪು ಪೂರ್ತಿ ಊರಿನವರದಲ್ಲ. ಕ್ಲಾಸಿಯಸ್ ನಂತರ ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್ ಈ ರಾಶಿಯ ಒಳಗುಟ್ಟನ್ನು ಅಣುಗಳ ಲೆಕ್ಕದಿಂದ ಬಿಡಿಸಿದರು. ಹೊರಗಿನಿಂದ ಒಂದೇ ರೀತಿ ಕಾಣುವ ವಸ್ತುವಿನ ಒಳಗೆ ಅಣುಗಳು ಎಷ್ಟು ಬೇರೆ ಬೇರೆ ರೀತಿಯಲ್ಲಿ ಇರಬಹುದು, ತಮ್ಮ ನಡುವೆ ಶಕ್ತಿಯನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ಹಂಚಿಕೊಳ್ಳಬಹುದು ಎಂದು ಎಣಿಸಿ. ಆ ರೀತಿಗಳು ಹೆಚ್ಚಿದಷ್ಟೂ ಎಂಟ್ರೊಪಿ ಹೆಚ್ಚು. ವಿಯೆನ್ನಾದಲ್ಲಿ ಅವರ ಸಮಾಧಿಯ ಮೇಲೆ S = k log W ಎಂದು ಕೆತ್ತಿರುವುದು ಇದೇ ಮಾತು. W ಎಂದರೆ ಆ ರೀತಿಗಳ ಸಂಖ್ಯೆ. ಇದನ್ನು ಸಾಮಾನ್ಯರಿಗೆ ವಿವರಿಸುವಾಗ "ರೀತಿಗಳ ಸಂಖ್ಯೆ" ಎನ್ನುವ ಬದಲು "ಅವ್ಯವಸ್ಥೆ" ಎಂದುಬಿಡುವುದು ವಿಜ್ಞಾನಿಗಳಿಗೇ ರೂಢಿಯಾಯಿತು. ಕೈಗೋಲಾಗಿ ಕೊಟ್ಟ ಪದವನ್ನು ಮುಂದೆ ಜನ ಕಾಲೆಂದೇ ತಿಳಿದರು.

ಈಗ ಆ ಹುಡುಗನ ಕೋಣೆಗೂ ಇದೇ ಎಣಿಕೆ ಹಾಕಿ ನೋಡೋಣ. ಅವನ ಬಳಿ 100 ಸಾಮಾನುಗಳಿವೆ ಎನ್ನಿ. ಜೋಡಿಸಿಟ್ಟಾಗ ಪ್ರತಿಯೊಂದಕ್ಕೂ ಒಂದೇ ಜಾಗ. ಹರಡಿದಾಗ ಪ್ರತಿಯೊಂದೂ 1000 ಜಾಗಗಳಲ್ಲಿ ಯಾವುದರಲ್ಲಿಯಾದರೂ ಇರಬಹುದು. ಹಾಗಾದರೆ ಒಟ್ಟು ರೀತಿಗಳು 1ರ ಮುಂದೆ 300 ಸೊನ್ನೆ. ಭಾರಿ ದೊಡ್ಡ ಸಂಖ್ಯೆಯಂತೆ ಕಾಣುತ್ತದೆ. ಆದರೆ ಬೋಲ್ಟ್ಸ್‌ಮನ್ ಸೂತ್ರದಲ್ಲಿರುವ k ಬಲು ಚಿಕ್ಕ ಸಂಖ್ಯೆ. ಗುಣಿಸಿ ನೋಡಿದರೆ ಎಂಟ್ರೊಪಿಯ ಹೆಚ್ಚಳ ಬರುವುದು ಇಷ್ಟು: ಒಂದು ಯೂನಿಟ್ಟನ್ನು, 1ರ ಮುಂದೆ 20 ಸೊನ್ನೆ ಬರೆದ ಸಂಖ್ಯೆಯಿಂದ ಭಾಗಿಸಿದರೆ ಸಿಗುವ ಚೂರು. ಅದೇ ಕೋಣೆಯಲ್ಲಿ ಆರಿಹೋದ ಒಂದು ಲೋಟ ಚಹಾ 5 ಯೂನಿಟ್ ಹೆಚ್ಚಿಸಿತ್ತು. ಚಹಾದ ಮುಂದೆ ಇಡೀ ಕೋಣೆಯ ಸಂತೆ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟು ಅಂತರ ಏಕೆ ಎಂದರೆ, ಸಾಮಾನುಗಳು 100 ಮಾತ್ರ. ಒಂದು ಲೋಟ ನೀರಿನಲ್ಲಿರುವ ಅಣುಗಳು 3ರ ಮುಂದೆ 24 ಸೊನ್ನೆ ಹಾಕಿದಷ್ಟು. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ಅಣುಗಳು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಶಾಖವೆಂದರೆ ಅವುಗಳ ಓಡಾಟವೇ. ಅವು ತಾವೇ ಡಿಕ್ಕಿ ಹೊಡೆದುಕೊಂಡು ಸಾಧ್ಯವಿರುವ ರೀತಿಗಳನ್ನೆಲ್ಲ ಸುತ್ತಿ ಬರುತ್ತವೆ. ಪುಸ್ತಕ ಹಾಗಲ್ಲ. ಕಪಾಟಿನಲ್ಲಿಟ್ಟ ಗಣಿತದ ಪುಸ್ತಕ ಕೋಣೆಯ ಶಾಖದಿಂದ ಕುಣಿದು ಮಂಚದ ಮೇಲೆ ಬಂದು ಬೀಳುವುದಿಲ್ಲ. ಬೀಗ ಹಾಕಿ ಹತ್ತು ವರ್ಷ ಬಿಟ್ಟರೂ ಅದು ಇಟ್ಟಲ್ಲೇ ಇರುತ್ತದೆ, ಧೂಳು ಕೂತಿರುತ್ತದೆ ಅಷ್ಟೆ. ಕೋಣೆ ಹರಡುವುದು ಯಾರೋ ಎಸೆದದ್ದರಿಂದ. ಅವ್ವ ಗದರಿದ್ದು ನ್ಯಾಯವೇ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಲ್ಯಾಂಬರ್ಟ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರಿದ್ದರು, ಆಕ್ಸಿಡೆಂಟಲ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಕಲೆಸಿದ ಇಸ್ಪೀಟೆಲೆ, ಹರಡಿದ ಮೇಜು, ಅಸ್ತವ್ಯಸ್ತ ಹಾಸ್ಟೆಲ್ ಕೋಣೆ ಇವೆಲ್ಲ ಎಂಟ್ರೊಪಿಯ ಉದಾಹರಣೆಗಳೆಂದು ಪಠ್ಯಪುಸ್ತಕಗಳು ಹೇಳುವುದು ಶುದ್ಧ ಅಸಂಬದ್ಧ ಎಂದು 1999ರಲ್ಲಿ ಅಧ್ಯಾಪಕರ ಪತ್ರಿಕೆಯೊಂದರಲ್ಲಿ ಬರೆದರು. ಬರೆದು ಸುಮ್ಮನಾಗದೆ ಪಠ್ಯಪುಸ್ತಕಗಳ ಬೆನ್ನು ಹತ್ತಿದರು. ಅನೇಕ ಪುಸ್ತಕಗಳು ಆಮೇಲೆ 'ಅವ್ಯವಸ್ಥೆ'ಯನ್ನು ಕೈಬಿಟ್ಟವು. ಬದಲಿಗೆ ಅವರು ಸೂಚಿಸಿದ್ದು "ಶಕ್ತಿ ಹರಡಿಕೊಳ್ಳುವ ಅಳತೆ" ಎಂಬ ವಿವರಣೆ. ಅದೂ ಎಲ್ಲ ಸಂದರ್ಭಕ್ಕೆ ಪೂರ್ತಿ ಹೊಂದುವುದಿಲ್ಲ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಶಾಲೆಯ ಮಕ್ಕಳಿಗೆ ಕೋಣೆಗಿಂತ ಅದು ಎಷ್ಟೋ ವಾಸಿ.

ಇನ್ನೊಂದು ತಮಾಷೆ ನೋಡಿ. ಅರ್ಧ ಕಿಲೋ ತೂಕದ ಪುಸ್ತಕ ಒಂದು ಮೀಟರ್ ಎತ್ತರದ ಮೇಜಿನಿಂದ ನೆಲಕ್ಕೆ ಬಿದ್ದರೆ ಸುಮಾರು 5 ಜೂಲ್ ಶಕ್ತಿ ಶಾಖವಾಗುತ್ತದೆ. 303ರಿಂದ ಭಾಗಿಸಿದರೆ ಒಂದು ಯೂನಿಟ್ಟಿನ ಅರವತ್ತನೇ ಒಂದು ಭಾಗ. 'ಜೋಡಣೆ ಕೆಟ್ಟದ್ದರ' ಲೆಕ್ಕಕ್ಕಿಂತ ಅದು ಕೋಟಿ ಕೋಟಿ ಪಟ್ಟು ದೊಡ್ಡದು. ಇನ್ನು ಅವ್ವನ ಕೂಗಿಗೆ ಎದ್ದು ಹುಡುಗ ಕಾಲು ಗಂಟೆ ಕೋಣೆ ಜೋಡಿಸಿದ ಎನ್ನಿ. ಸುಮ್ಮನೆ ಕೂತಾಗಿನದಕ್ಕಿಂತ ಸೆಕೆಂಡಿಗೆ 100 ಜೂಲ್ ಹೆಚ್ಚು ಶಾಖ ಅವನ ಮೈಯಿಂದ ಹೊರಬಿತ್ತೆಂದು ಹಿಡಿದರೆ, ಒಟ್ಟು 90 ಸಾವಿರ ಜೂಲ್. ಎಂಟ್ರೊಪಿಯ ಹೆಚ್ಚಳ ಸುಮಾರು 300 ಯೂನಿಟ್. ಹರಡಿದರೂ ಹೆಚ್ಚುತ್ತದೆ, ಜೋಡಿಸಿದರೂ ಹೆಚ್ಚುತ್ತದೆ, ಜೋಡಿಸಿದಾಗ ಇನ್ನೂ ಜಾಸ್ತಿ. ಹುಡುಗನ ನೆಪ ಇಲ್ಲಿಗೆ ಮುಗಿಯಿತು.

ಕೋಣೆಯ ವಿಷಯದಲ್ಲಿ ಪದ ಬಾಗಿದರೆ ನಷ್ಟವೇನೂ ಇಲ್ಲ, ನಕ್ಕು ಬಿಡಬಹುದು. ಆದರೆ ಅದೇ ಬಾಗಿದ ಅರ್ಥವನ್ನು ಹಿಡಿದುಕೊಂಡು ನಿಜವಾದ ವಸ್ತುಗಳ ಹತ್ತಿರ ಹೋದರೆ ಉತ್ತರ ತಿರುಗುಮುರುಗಾಗುತ್ತದೆ. ಅದನ್ನು ತೋರಿಸಲು ಸಂಡೂರಿಗಿಂತ ಒಳ್ಳೆಯ ಊರು ಸಿಗಲಾರದು.

ಸಂಡೂರಿನ ಗುಡ್ಡಗಳ ಮಣ್ಣು ಏಕೆ ಕೆಂಪು ಎಂದು ಇಲ್ಲಿನ ಮಕ್ಕಳಿಗೆ ಹೇಳಬೇಕಿಲ್ಲ. ದೋಣಿಮಲೈ ಕಡೆ ಅಗೆಯುವ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿ ಆದ ಕಲ್ಲು. ಅದಿರಿನ ಲಾರಿಗಳು ಓಡಾಡುವ ರಸ್ತೆಬದಿಯ ಗಿಡಗಳ ಎಲೆಗಳೂ ಅದೇ ಬಣ್ಣ. ಮನೆಯ ಗೇಟಿಗೆ ಹಿಡಿಯುವ ತುಕ್ಕು ಕೂಡ ಇದರ ನಂಟನೇ. ತುಕ್ಕಿನಲ್ಲಿ ಸ್ವಲ್ಪ ನೀರೂ ಸೇರಿರುತ್ತದೆ, ಉಳಿದಂತೆ ಅದೇ ಕಬ್ಬಿಣ, ಅದೇ ಆಮ್ಲಜನಕ. ಲೆಕ್ಕ ಸುಲಭವಾಗಲಿ ಎಂದು ನೀರನ್ನು ಬಿಟ್ಟು ಒಣ ಹೆಮಟೈಟ್ ಆಯಿತೆಂದೇ ಇಟ್ಟುಕೊಳ್ಳೋಣ.

ಈಗ ಪ್ರಶ್ನೆ. ಹೊಳೆಯುತ್ತಿದ್ದ ಗೇಟು ತುಕ್ಕು ಹಿಡಿದು ಕೆಂಪು ಪುಡಿಯಾಗಿ ಉದುರಿದಾಗ, ಆ ಕಬ್ಬಿಣ ಮತ್ತು ಆಮ್ಲಜನಕದ ಎಂಟ್ರೊಪಿ ಹೆಚ್ಚಿತೇ, ಕಡಿಮೆಯಾಯಿತೇ? ಎಂಟ್ರೊಪಿ ಎಂದರೆ ಹಾಳಾಗುವುದು, ಚೆದುರುವುದು ಎಂದು ಕಲಿತವರು ಯೋಚಿಸದೆ "ಹೆಚ್ಚಿತು" ಎನ್ನುತ್ತಾರೆ. ಉತ್ತರ: ಕಡಿಮೆಯಾಯಿತು, ಅದೂ ಚೆನ್ನಾಗಿಯೇ ಕಡಿಮೆಯಾಯಿತು.

ಅಂಕಿ ನೋಡಿ. 223 ಗ್ರಾಂ ಕಬ್ಬಿಣ ಪೂರ್ತಿ ತುಕ್ಕಾಗಲು 96 ಗ್ರಾಂ ಆಮ್ಲಜನಕ ಬೇಕು. ಕೂಡಿದರೆ ಸುಮಾರು 320 ಗ್ರಾಂ ಕೆಂಪು ಕಲ್ಲು. ಆ 96 ಗ್ರಾಂ ಆಮ್ಲಜನಕ ಅನಿಲವಾಗಿದ್ದಾಗ ಸುಮಾರು 73 ಲೀಟರ್ ಜಾಗದಲ್ಲಿ, ನಾಲ್ಕೈದು ಕೊಡಗಳಷ್ಟು ಜಾಗದಲ್ಲಿ, ಮನಬಂದಂತೆ ಓಡಾಡಿಕೊಂಡಿತ್ತು. ಅದರ ಅಣುಗಳು ಇರಬಹುದಾದ ರೀತಿಗಳಿಗೆ ಲೆಕ್ಕವಿಲ್ಲ. ತುಕ್ಕಿನೊಳಗೆ ಸೇರಿದ ಮೇಲೆ ಅದೇ ಆಮ್ಲಜನಕ ಕಬ್ಬಿಣದ ನಡುವೆ ಸಾಲಾಗಿ ಕೂತಿದೆ, ನಿಂತಲ್ಲೇ ಅದುರುವುದು ಬಿಟ್ಟರೆ ಬೇರೆ ಓಡಾಟವಿಲ್ಲ. ವಸ್ತುವಿನ ಪುಟದಲ್ಲಿ ಸುಮಾರು 550 ಯೂನಿಟ್ ಕಡಿತ. ಕಣ್ಣಿಗೆ ಕಾಣದ ಗಾಳಿ ಸಿಕ್ಕಿಬಿದ್ದದ್ದು ದೊಡ್ಡ ಸಂಗತಿ. ಪುಡಿ ಉದುರಿ ನೆಲ ಕೆಂಪಾದದ್ದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಹಾಗಾದರೆ ತುಕ್ಕು ತಾನಾಗಿ ಹಿಡಿಯುವುದು ಹೇಗೆ? ಎರಡನೆಯ ಪುಟ ತೆಗೆಯಿರಿ. ಕಬ್ಬಿಣ ಆಮ್ಲಜನಕದೊಡನೆ ಕೂಡುವಾಗ ಶಾಖ ಹೊರಬೀಳುತ್ತದೆ, ಮೇಲಿನ ಪ್ರಮಾಣಕ್ಕೆ ಸುಮಾರು 16,48,000 ಜೂಲ್. 5 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಗೇಟು ವರ್ಷಗಟ್ಟಲೆ ನಿಧಾನವಾಗಿ ತುಕ್ಕು ಹಿಡಿಯುವುದರಿಂದ ನಮ್ಮ ಕೈಗೆ ಬಿಸಿ ತಾಕುವುದಿಲ್ಲ, ಅಷ್ಟೇ. ಆ ಶಾಖವೆಲ್ಲ ಸುತ್ತಲಿನ ಗಾಳಿಗೆ ಸೇರುತ್ತದೆ. 25 ಡಿಗ್ರಿ, ಅಂದರೆ 298 ಕೆಲ್ವಿನ್‌ನಿಂದ ಭಾಗಿಸಿದರೆ ಸುತ್ತಮುತ್ತಲಿನ ಪುಟಕ್ಕೆ ಸುಮಾರು 5,530 ಯೂನಿಟ್ ಜಮಾ. ಒಂದು ಕಡೆ 550 ಖರ್ಚು, ಇನ್ನೊಂದು ಕಡೆ 5,530 ಜಮಾ. ಒಟ್ಟು ಬೇಕಾದಷ್ಟು ಹೆಚ್ಚಿತು. ತುಕ್ಕು ಗೆಲ್ಲುವುದು ಈ ಶಾಖದ ಬಲದಿಂದ.

ಈಗ ಇದೇ ದಾರಿಯಲ್ಲಿ ಹಿಂದಕ್ಕೆ ಹೋಗೋಣ. ಸಂಡೂರು ತಾಲ್ಲೂಕಿನದೇ ಆದ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯಿದೆ. ಅಲ್ಲಿ ಕೆಂಪು ಅದಿರು ಕಬ್ಬಿಣವಾಗುತ್ತದೆ. ಬಾಗಿದ ಅರ್ಥದಲ್ಲಿ ಹೇಳುವುದಾದರೆ, ಮಣ್ಣುಮಸಿಯ ಅದಿರಿನಿಂದ ನೀಟಾದ ಲೋಹ ತೆಗೆಯುವುದು ಎಂಟ್ರೊಪಿಯ ವಿರುದ್ಧದ ಹೋರಾಟ. ನಿಜ ಏನು?

ಊದುಕುಲುಮೆಗೆ ಮೇಲಿನಿಂದ ಅದಿರು, ಕೋಕ್ ಮತ್ತು ಸುಣ್ಣದ ಕಲ್ಲು ಹಾಕುತ್ತಾರೆ, ಕೆಳಗಿನಿಂದ ಬಿಸಿಗಾಳಿ ಊದುತ್ತಾರೆ. ಕೋಕ್ ಎಂದರೆ ಕಲ್ಲಿದ್ದಲನ್ನು ಗಾಳಿಯಿಲ್ಲದೆ ಸುಟ್ಟು ಮಾಡಿದ್ದು, ಹೆಚ್ಚುಕಡಿಮೆ ಇಂಗಾಲವೇ. ಕುಲುಮೆಯೊಳಗೆ ನಡೆಯುವುದು ಹಲವು ಹಂತಗಳ ಕೆಲಸ: ಕೋಕ್ ಮೊದಲು ಕಾರ್ಬನ್ ಮಾನಾಕ್ಸೈಡ್ ಅನಿಲವಾಗುತ್ತದೆ, ಆ ಅನಿಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕೊನೆಯ ಲೆಕ್ಕ ಮಾತ್ರ ನಮಗೆ ಸಾಕು. ಅದಿರಿನ ಆಮ್ಲಜನಕ ಇಂಗಾಲದ ಪಾಲಾಗಿ ಕಾರ್ಬನ್ ಡೈಆಕ್ಸೈಡ್ ಆಯಿತು, ಕಬ್ಬಿಣ ಉಳಿಯಿತು. ನಮ್ಮ 320 ಗ್ರಾಂ ಹೆಮಟೈಟಿಗೆ ಈ ಲೆಕ್ಕದ ಪ್ರಕಾರ 36 ಗ್ರಾಂ ಇಂಗಾಲ ಬೇಕು.

ವಸ್ತುವಿನ ಪುಟ ನೋಡಿ. ಮೊದಲು ಇದ್ದದ್ದು ಎರಡೂ ಘನವಸ್ತು, ಅದಿರು ಮತ್ತು ಕೋಕ್. ಕೊನೆಗೆ ಉಳಿದದ್ದು ಕಬ್ಬಿಣ ಮತ್ತು ಒಂದು ಅನಿಲ. ಕಲ್ಲಿನಲ್ಲಿ ಕಟ್ಟಿಬಿದ್ದಿದ್ದ ಆಮ್ಲಜನಕ ಇಂಗಾಲದ ಕೈಹಿಡಿದು ಬಯಲಿಗೆ ಬಂತು. ಅಣುಗಳ ರೀತಿಗಳ ಸಂಖ್ಯೆ ಅಪಾರವಾಗಿ ಏರಿತು. ಸುಮಾರು 559 ಯೂನಿಟ್ ಜಮಾ. ಹೋರಾಟ ಎಲ್ಲಿಯದು? ಅದಿರು ಕಬ್ಬಿಣವಾಗುವಾಗ ಎಂಟ್ರೊಪಿ ನಮ್ಮ ಎದುರಾಳಿಯಲ್ಲ, ಕೂಲಿ ಕೇಳದ ಸಹಾಯಕ.

ತೊಂದರೆ ಇರುವುದು ಇನ್ನೊಂದು ಪುಟದಲ್ಲಿ. ಈ ಬದಲಾವಣೆ ಶಾಖವನ್ನು ಹೀರುತ್ತದೆ, ಸುಮಾರು 4,68,000 ಜೂಲ್. ಅಷ್ಟು ಶಾಖವನ್ನು ಸುತ್ತಮುತ್ತಲು ಕೊಡಬೇಕು, ಅಂದರೆ ಅದರ ಪುಟದಲ್ಲಿ ಖರ್ಚು. ಎಷ್ಟು ಖರ್ಚು ಎಂಬುದು ಉಷ್ಣಾಂಶದ ಮೇಲೆ ಹೋಗುತ್ತದೆ. 25 ಡಿಗ್ರಿಯಲ್ಲಿ 298ರಿಂದ ಭಾಗಿಸಿ: ಸುಮಾರು 1,570. ಜಮಾ 559, ಖರ್ಚು 1,570. ಒಟ್ಟು ಕಡಿಮೆಯಾಗುತ್ತದೆ, ಆದ್ದರಿಂದ ನಡೆಯುವುದಿಲ್ಲ. ಅದಿರಿನ ರಾಶಿಯ ಮೇಲೆ ಕೋಕ್ ಸುರಿದು ವರ್ಷಗಟ್ಟಲೆ ಕಾದರೂ ಕಬ್ಬಿಣ ಸಿಗದು. ಈಗ 727 ಡಿಗ್ರಿಗೆ ಕಾಯಿಸಿ. ಅದು 1000 ಕೆಲ್ವಿನ್, ಭಾಗಿಸುವುದು ಬಾಯಿಲೆಕ್ಕ: ಖರ್ಚು 468. ಜಮಾ ಆಗಲೂ ಹತ್ತಿರಹತ್ತಿರ 559. ಒಟ್ಟು 91 ಯೂನಿಟ್ ಹೆಚ್ಚಳ. ಈಗ ನಡೆಯುತ್ತದೆ.

ಅದೇ ಶಾಖ, ಅದೇ ಅದಿರು, ಅದೇ ಕೋಕ್. ಬದಲಾದದ್ದು ಶಾಖ ಬಂದ ಜಾಗದ ಉಷ್ಣಾಂಶ ಮಾತ್ರ. ಸಾವಿರ ರೂಪಾಯಿ ಕಳೆದರೆ ಕೂಲಿಯವರ ಮನೆಯಲ್ಲಿ ವಾರದ ಊಟ ಹೋಯಿತು, ಸಾಹುಕಾರರ ಮನೆಯಲ್ಲಿ ಗೊತ್ತೇ ಆಗುವುದಿಲ್ಲ. ಶಾಖವೂ ಹಾಗೆ. ತಣ್ಣನೆಯ ಜಾಗದಿಂದ ತೆಗೆದರೆ ಅಲ್ಲಿನ ಎಂಟ್ರೊಪಿಗೆ ದೊಡ್ಡ ಪೆಟ್ಟು, ಕಾದ ಜಾಗದಿಂದ ತೆಗೆದರೆ ಚಿಕ್ಕದು. ಕ್ಲಾಸಿಯಸ್ ಶಾಖವನ್ನು ಉಷ್ಣಾಂಶದಿಂದ ಭಾಗಿಸಿದ್ದರ ಹಿಂದಿನ ಅರ್ಥ ಇದೇ. ಜಮಾ ಮತ್ತು ಖರ್ಚು ಸರಿಸಮವಾಗುವ ಉಷ್ಣಾಂಶ ಬೇಕಾದರೆ 4,68,000ವನ್ನು 559ರಿಂದ ಭಾಗಿಸಿ. ಸುಮಾರು 837 ಕೆಲ್ವಿನ್, ಎಂದರೆ ಸುಮಾರು 564 ಡಿಗ್ರಿ. ಉಷ್ಣಾಂಶ ಏರಿದಂತೆ ನಾವು ಹಿಡಿದ ಅಂಕಿಗಳು ಸ್ವಲ್ಪ ಸರಿದಾಡುತ್ತವೆ, ಹಾಗಾಗಿ ಇದನ್ನು ಅಂದಾಜೆಂದು ತಿಳಿಯಿರಿ.

ಹಿಂದೆ ನಮ್ಮ ನಾಡಿನಲ್ಲಿ ಮಣ್ಣಿನ ಕುಲುಮೆ ಕಟ್ಟಿ, ಇದ್ದಿಲು ತುಂಬಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದರಲ್ಲ, ಅದು ಸಾಧ್ಯವಾದದ್ದು ಈ ಅಂಕಿ ಇಷ್ಟು ಕೆಳಗಿರುವುದರಿಂದ. ಕಬ್ಬಿಣ ಕರಗುವುದು 1538 ಡಿಗ್ರಿಗೆ. ಅವರ ಕುಲುಮೆ ಅಷ್ಟು ಕಾಯುತ್ತಿರಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಆಮ್ಲಜನಕ ಬಿಟ್ಟುಹೋದ ಕಬ್ಬಿಣ ಕರಗದೆಯೇ ಸ್ಪಂಜಿನಂಥ ಮುದ್ದೆಯಾಗಿ ಉಳಿಯುತ್ತಿತ್ತು, ಅದನ್ನು ಕಾಯಿಸಿ ಬಡಿದು ಕಿಟ್ಟ ತೆಗೆಯುತ್ತಿದ್ದರು. ಇಂದಿನ ಊದುಕುಲುಮೆ ಅದಕ್ಕಿಂತ ಬಹಳ ಹೆಚ್ಚು ಕಾಯುವುದಕ್ಕೆ ಕಾರಣ ಬೇರೆ. ಎಂಟ್ರೊಪಿಯ ಖಾತೆ ಒಂದು ಬದಲಾವಣೆ ನಡೆಯಬಹುದೇ ಇಲ್ಲವೇ ಎಂದಷ್ಟೇ ಹೇಳುತ್ತದೆ. ಎಷ್ಟು ಹೊತ್ತಿನಲ್ಲಿ ನಡೆಯುತ್ತದೆ ಎಂದು ಹೇಳುವುದಿಲ್ಲ. ದಿನಕ್ಕೆ ಸಾವಿರಾರು ಟನ್ ಬೇಕೆಂದರೆ ಬೇಗ ನಡೆಯಬೇಕು, ಜತೆಗೆ ಕಬ್ಬಿಣ ದ್ರವವಾಗಿ ಕೆಳಗೆ ಹರಿದುಬರಬೇಕು. ಗೇಟಿಗೆ ಬಣ್ಣ ಬಳಿಯುವುದೂ ಇದೇ ಕಾರಣಕ್ಕೆ ಪ್ರಯೋಜನಕ್ಕೆ ಬರುತ್ತದೆ. ಬಣ್ಣ ಖಾತೆಯ ಅಂಕಿಯನ್ನು ಬದಲಿಸುವುದಿಲ್ಲ, ಗಾಳಿಯನ್ನೂ ನೀರನ್ನೂ ದೂರವಿಟ್ಟು ತುಕ್ಕನ್ನು ನಿಧಾನ ಮಾಡುತ್ತದೆ.

ತುಕ್ಕಿನ ಶಾಖವನ್ನು ಮನೆಯಲ್ಲೇ ಅಳೆದು ನೋಡಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಮರ ಉಜ್ಜಿ ನಯ ಮಾಡಲು ಕೊಡುವ ನವುರಾದ ಕಬ್ಬಿಣದ ಎಳೆಗಳ ಉಂಡೆ ಸಿಗುತ್ತದೆ, ಸ್ಟೀಲ್ ವುಲ್ ಎಂದು ಕೇಳಿ. ಪಾತ್ರೆ ತಿಕ್ಕುವ ಹೊಳೆಯುವ ಜುಂಗು ಸಾಮಾನ್ಯವಾಗಿ ಸ್ಟೇನ್‌ಲೆಸ್, ಅದು ತುಕ್ಕು ಹಿಡಿಯದು, ಪ್ರಯೋಗ ಕೆಡುತ್ತದೆ. ಎಳೆಗಳು ಚುಚ್ಚುತ್ತವೆ, ಚಿಕ್ಕವರು ದೊಡ್ಡವರ ಜತೆಗೇ ಮಾಡಿ. ಉಂಡೆಯನ್ನು ಒಂದೆರಡು ನಿಮಿಷ ವಿನೆಗರ್‌ನಲ್ಲಿ ನೆನೆಸಿ. ಎಳೆಗಳ ಮೇಲೆ ಹಚ್ಚಿರುವ ಎಣ್ಣೆಯ ಪದರ ಹೋಗಲಿ ಎಂದು ಇದು. ಚೆನ್ನಾಗಿ ಹಿಂಡಿ, ಥರ್ಮಾಮೀಟರಿನ ಬುರುಡೆಗೆ ಸುತ್ತಿ, ಅಗಲ ಬಾಯಿಯ ಡಬ್ಬಿಯಲ್ಲಿಟ್ಟು ಮುಚ್ಚಿ. ಜ್ವರ ನೋಡುವ ಥರ್ಮಾಮೀಟರ್ ಆಗದು, ಅದು ಕೆಳಗಿನ ಉಷ್ಣಾಂಶ ತೋರಿಸುವುದಿಲ್ಲ. ಶಾಲೆಯ ಪ್ರಯೋಗಾಲಯದ್ದು ಬೇಕು.

ಥರ್ಮಾಮೀಟರನ್ನು ಮೊದಲೇ ಡಬ್ಬಿಯೊಳಗೆ ಐದು ನಿಮಿಷ ಇಟ್ಟು, ಅಂಕಿಯನ್ನು ಬರೆದಿಟ್ಟುಕೊಂಡಿರಿ. ಸುತ್ತಿದ ಮೇಲೆ ಇನ್ನೈದು ನಿಮಿಷಕ್ಕೆ ಕೆಲವು ಡಿಗ್ರಿ ಏರಿರುತ್ತದೆ. ಏರದಿದ್ದರೆ ಉಂಡೆ ಇನ್ನೂ ತೊಯ್ದು ತೊಟ್ಟಿಕ್ಕುತ್ತಿರಬೇಕು. ನೀರು ತುಂಬಿದ ಎಳೆಗಳ ನಡುವೆ ಗಾಳಿ ಹೋಗುವುದಿಲ್ಲ. ಬಿಡಿಸಿ, ಮತ್ತೆ ಗಟ್ಟಿಯಾಗಿ ಹಿಂಡಿ, ಸಡಿಲವಾಗಿ ಸುತ್ತಿ ನೋಡಿ. ಡಬ್ಬಿ ತೆರೆದಾಗ ಎಳೆಗಳ ಮೇಲೆ ಅಲ್ಲಲ್ಲಿ ಸಂಡೂರಿನ ರಸ್ತೆಯ ಬಣ್ಣ ಕಾಣಿಸುತ್ತದೆ. ಡಬ್ಬಿಯೊಳಗಿನ ಗಾಳಿಯಲ್ಲಿ ಓಡಾಡುತ್ತಿದ್ದ ಆಮ್ಲಜನಕ ಅಲ್ಲಿ ಬಂದು ಕೂತಿದೆ. ಥರ್ಮಾಮೀಟರ್ ತೋರಿಸಿದ್ದು ಎರಡನೆಯ ಪುಟದ ಜಮಾ.